ಸೆಂಟ್ರಲ್ ಲೈನ್: ಅಳವಡಿಕೆ ಮತ್ತು ದಿನನಿತ್ಯದ ಆರೈಕೆಗೆ ಸೋಂಕು ತಡೆ ತಪಾಸಣಾ ಪಟ್ಟಿ
ತೀವ್ರ ನಿಗಾ ಘಟಕ, ದಾವಣಗೆರೆ. ಹಾಸಿಗೆ 5: ಜಗಳೂರು ತಾಲ್ಲೂಕಿನ 54 ವರ್ಷದ ಮಹಿಳೆ, ಮೂತ್ರಪಿಂಡದ ಸೋಂಕು ರಕ್ತಕ್ಕೆ ಹರಡಿದೆ. ನಾರ್‌ಅಡ್ರಿನಲಿನ್ ನೀಡಲು ಲೈನ್ ಬೇಕಾಗಿದೆ.

ಅಳವಡಿಸುವಾಗ

ಗುರುತು ಹಾಕುವವರು ವೈದ್ಯರಲ್ಲ, ಪಕ್ಕದಲ್ಲಿ ನಿಂತ ನರ್ಸ್. ಒಂದು ಹಂತ ತಪ್ಪಿದರೂ ಅವರು "ನಿಲ್ಲಿಸಿ" ಎನ್ನಬೇಕು. ಎದುರಿಗೆ ಹಿರಿಯ ವೈದ್ಯರಿದ್ದರೂ ಸರಿ.

☑ ಜಾಗ: ಬಲ ಕುತ್ತಿಗೆಯ ರಕ್ತನಾಳ, ಅಲ್ಟ್ರಾಸೌಂಡ್ ನೆರವಿನಿಂದ. ವಯಸ್ಕರಲ್ಲಿ ತೊಡೆಸಂದಿಯನ್ನು ಸಾಧ್ಯವಾದಷ್ಟು ಬಿಡಿ.
☑ ಕೈ ತೊಳೆದಿದ್ದಾರೆ. ಗ್ಲೌಸ್ ಹಾಕಿಕೊಳ್ಳುತ್ತೇವೆಂದು ಇದನ್ನು ಬಿಡುವಂತಿಲ್ಲ.
☑ ಕ್ಯಾಪ್, ಮಾಸ್ಕ್, ಸ್ಟೆರೈಲ್ ಗೌನ್, ಸ್ಟೆರೈಲ್ ಗ್ಲೌಸ್. ರೋಗಿಯ ಮೇಲೆ ತಲೆಯಿಂದ ಕಾಲಿನವರೆಗಿನ ಡ್ರೇಪ್. ನಡುವೆ ತೂತಿರುವ ಚಿಕ್ಕ ಬಟ್ಟೆ ಸಾಲದು.
☑ ಆಲ್ಕೋಹಾಲ್ ಬೆರೆತ 2% ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ಪೂರ್ತಿ ಒಣಗುವವರೆಗೆ ಕಾದಿದ್ದಾರೆ. ನಮ್ಮಲ್ಲಿ ಎಲ್ಲರೂ ಅವಸರಪಡುವುದು ಇಲ್ಲಿಯೇ. ಒರೆಸಬೇಡಿ, ಗಾಳಿ ಬೀಸಬೇಡಿ.
☑ ಗೈಡ್‌ವೈರ್ ಹೊರಬಂದದ್ದನ್ನು ಇಬ್ಬರು ಕಣ್ಣಾರೆ ಕಂಡಿದ್ದಾರೆ.
☑ ಡ್ರೆಸಿಂಗ್ ಮೇಲೆ ದಿನಾಂಕ, ಸಮಯ.

ತುರ್ತಿನಲ್ಲಿ ಈ ಎಚ್ಚರಗಳಿಲ್ಲದೆ ಹಾಕಿದ ಲೈನನ್ನು ಆದಷ್ಟು ಬೇಗ, ತಪ್ಪಿದರೆ 48 ಗಂಟೆಯೊಳಗೆ ಬದಲಿಸಬೇಕು.

ಪ್ರತಿದಿನ, ಬೆಳಗಿನ ರೌಂಡ್ಸ್‌ನಲ್ಲಿ

ಮೊದಲ ಪ್ರಶ್ನೆ: ಈ ಲೈನ್ ಇವತ್ತೂ ಬೇಕೇ? ಉತ್ತರವನ್ನು ಕಾರಣಸಮೇತ ಕೇಸ್ ಶೀಟಿನಲ್ಲಿ ಬರೆಯಿರಿ. "ಇರಲಿ ಬಿಡಿ, ರಕ್ತ ತೆಗೆಯಲು ಅನುಕೂಲ" ಎಂಬುದು ಕಾರಣವಲ್ಲ. ಹಾಸಿಗೆ 5ರಲ್ಲಿ ನಾರ್‌ಅಡ್ರಿನಲಿನ್ ನಿಂತ ದಿನವೇ ಕೈಗೆ ಸಾಮಾನ್ಯ ಕ್ಯಾನುಲಾ ಹಾಕಿ, ಇದನ್ನು ತೆಗೆಯುವ ಮಾತು ಎತ್ತಿ.

ಹಬ್ ಮುಟ್ಟುವ ಮುನ್ನ ಪ್ರತಿ ಬಾರಿಯೂ ಕೈ ಶುಚಿಗೊಳಿಸಿ, ಆಲ್ಕೋಹಾಲ್ ಸ್ವಾಬಿನಿಂದ ಕನಿಷ್ಠ 15 ಸೆಕೆಂಡು ತಿಕ್ಕಿ, ಒಣಗಲು ಬಿಡಿ. ರಾತ್ರಿ ಪಾಳಿಯಲ್ಲೂ ಅಷ್ಟೇ.

ಪಾರದರ್ಶಕ ಡ್ರೆಸಿಂಗ್ 7 ದಿನಕ್ಕೊಮ್ಮೆ, ಗಾಜ್ ಆದರೆ 2 ದಿನಕ್ಕೊಮ್ಮೆ ಬದಲಾಗಬೇಕು. ಒದ್ದೆಯಾದರೆ, ಅಂಚು ಎದ್ದರೆ, ರಕ್ತ ಜಿನುಗಿದರೆ ಆಗಲೇ. ಏಪ್ರಿಲ್‌ ಬಿಸಿಲಿನಲ್ಲಿ ವಿದ್ಯುತ್ ಹೋದರೆ ಕುತ್ತಿಗೆಯ ಬೆವರಿಗೆ ಅದು ಬಿಟ್ಟುಕೊಳ್ಳುತ್ತದೆ. ಮೇಲೆ ಇನ್ನೊಂದು ಟೇಪು ಅಂಟಿಸಿ ಮುಚ್ಚಬೇಡಿ. ಮುಲಾಮು ಹಚ್ಚಬೇಡಿ.

ಬಂಧುಗಳು ತರುವ ವಿಭೂತಿ, ಭಂಡಾರವನ್ನು ಕುತ್ತಿಗೆಗೆ ಹಚ್ಚಲು ಬಿಡಬೇಡಿ. ಬೈಯದೆ, ದಿಂಬಿನ ಬಳಿ ಪೊಟ್ಟಣದಲ್ಲಿ ಇಡಲು ಹೇಳಿ, ಒಪ್ಪುತ್ತಾರೆ.

ಡ್ರಿಪ್ ಸೆಟ್ ಬದಲಿಸುವುದು: ರಕ್ತ ಅಥವಾ ಲಿಪಿಡ್ ಹೋದದ್ದು 24 ಗಂಟೆಗೆ, ಪ್ರೊಪೊಫಾಲ್ 6ರಿಂದ 12 ಗಂಟೆಗೆ, ಉಳಿದವು 96 ಗಂಟೆಗಿಂತ ಮೊದಲು ಬೇಡ.

ಜ್ವರ, ಚಳಿ, ಕೆಂಪು ಅಥವಾ ಕೀವು ಕಂಡರೆ ವೈದ್ಯರನ್ನು ಕರೆಯಿರಿ. ಆಂಟಿಬಯಾಟಿಕ್ ಬದಲಿಸುವ ಮೊದಲು ರಕ್ತದ ಕಲ್ಚರ್ ಎರಡು ಕಡೆಯಿಂದ: ಒಂದು ಲೈನಿನಿಂದ, ಒಂದು ಕೈಯ ರಕ್ತನಾಳದಿಂದ, ಒಂದೇ ಸಮಯಕ್ಕೆ, ಒಂದೇ ಪ್ರಮಾಣದಲ್ಲಿ. ಯಾವ ಬಾಟಲಿ ಎಲ್ಲಿಯದೆಂದು ಅಲ್ಲಿಯೇ ಬರೆಯಿರಿ. ಸೋಂಕಿನ ಸಂಶಯವಿದ್ದಾಗ ಗೈಡ್‌ವೈರ್ ಮೇಲೆ ಅದೇ ಜಾಗದಲ್ಲಿ ಹೊಸ ಲೈನ್ ಹಾಕುವಂತಿಲ್ಲ.