ಮನೆ ಮತ್ತು ಜಮೀನಿನ ಮೌಲ್ಯಮಾಪನ: ಕೆಲಸದ ವಿವರ, ವರದಿಯ ರೂಪ

ಮೈಸೂರು, 3 ನವೆಂಬರ್ 2025

ವ್ಯಾಲ್ಯೂಯರ್ ಸಾಹೇಬರಿಗೆ ನಮಸ್ಕಾರ.

ಫೋನಿನಲ್ಲಿ ಮಾತಾಡಿದ್ದನ್ನು ಬರೆದು ಕಳಿಸುತ್ತಿದ್ದೇನೆ. ತಂದೆಯವರ ಆಸ್ತಿ ನಾವು ಮೂವರು ಮಕ್ಕಳಿಗೆ ಪಾಲಾಗಬೇಕು. ನನ್ನ ತಮ್ಮ ಮನೆ ಉಳಿಸಿಕೊಂಡು, ಸಾಲ ತೆಗೆದು ನಮ್ಮಿಬ್ಬರಿಗೆ ಹಣ ಕೊಡುತ್ತಾನೆ. ಸಾಲಕ್ಕೆ ಬ್ಯಾಂಕು ತನ್ನ ಪ್ಯಾನೆಲ್ ವ್ಯಾಲ್ಯೂಯರನ್ನೇ ಕಳಿಸುತ್ತದೆ. ನಿಮ್ಮ ವರದಿ ಪಾಲಿಗೆ ಮಾತ್ರ. ಆ ಪ್ಯಾನೆಲ್‌ನಲ್ಲಿ ನೀವೂ ಇದ್ದರೆ ಈಗಲೇ ತಿಳಿಸಿ.

ಆಸ್ತಿ ಎರಡು: ಕುವೆಂಪುನಗರದ 40x60 ಸೈಟಿನ ಮನೆ, ನಂಜನಗೂಡು ತಾಲ್ಲೂಕಿನ 2 ಎಕರೆ 10 ಗುಂಟೆ. ಎರಡಕ್ಕೂ 15 ನವೆಂಬರ್ 2025ರ ಮಾರುಕಟ್ಟೆ ಬೆಲೆ ಬೇಕು. ಸ್ಥಳಕ್ಕೆ ಬರುವುದೂ ಅಂದೇ, ಶನಿವಾರ. ಮೂವರೂ ಇರುತ್ತೇವೆ. ಒಬ್ಬರ ಜೊತೆ ಮಾತ್ರ ಹೋಗಿ ನೋಡುವುದು ಬೇಡ.

ಮನೆಗೆ ಸೈಟಿನ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ ತೋರಿಸಿ. ಕೆಳಮನೆ 1994ರದು, ಮೇಲಿನದು 2006ರದು. ಸವಕಳಿ ಎರಡಕ್ಕೂ ಒಂದೇ ಆಗದು, ಅಲ್ವಾ? ಮೇಲಿನ ಮಹಡಿಗೆ ಪ್ಲಾನ್ ಮಂಜೂರಾತಿ ಇಲ್ಲ. ಮುಚ್ಚಿಟ್ಟು ಪ್ರಯೋಜನವಿಲ್ಲ, ಬ್ಯಾಂಕಿನವರು ಹೇಗೂ ಕೇಳುತ್ತಾರೆ. ಅದನ್ನು ಸೇರಿಸಿ ಒಂದು ಮೊತ್ತ, ಬಿಟ್ಟು ಒಂದು ಮೊತ್ತ ಕೊಡಿ. ಪ್ಲಾನಿನ ಅಳತೆ ನೆಚ್ಚಿಕೊಳ್ಳದೆ ಟೇಪ್ ಹಿಡಿದು ಅಳೆಯಿರಿ. 2019ರಲ್ಲಿ ನನ್ನ ತಮ್ಮ ಸ್ವಂತ ದುಡ್ಡಲ್ಲಿ ಅಡುಗೆಮನೆ, ಸೋಲಾರ್ ಮಾಡಿಸಿದ್ದಾನೆ. ಅದರ ಇವತ್ತಿನ ಬೆಲೆ ಪ್ರತ್ಯೇಕ ಸಾಲಿನಲ್ಲಿರಲಿ. ಯಾರಿಗೆ ಎಷ್ಟು ಅನ್ನುವುದು ನಮ್ಮ ಮಾತು, ವರದಿಯಲ್ಲಿ ಬರಬಾರದು.

ಜಮೀನಿಗೆ ಪೋಡಿ ಆಗಿಲ್ಲ. ಪಹಣಿಯ ವಿಸ್ತೀರ್ಣಕ್ಕೂ ನಮ್ಮ ಸ್ವಾಧೀನಕ್ಕೂ ವ್ಯತ್ಯಾಸ ಕಂಡರೆ ಬರೆಯಿರಿ. ದಾರಿ ಪಕ್ಕದವರ ಹೊಲದಲ್ಲಿ ಹಾದು ಬರುತ್ತದೆ, ಅದು ಬೆಲೆ ಎಷ್ಟು ಇಳಿಸುತ್ತದೆ ಅಂತ ಹೇಳಿ. ಬೋರ್‌ವೆಲ್, 60 ತೆಂಗಿನ ಮರ ಲೆಕ್ಕಕ್ಕೆ ಬರಲಿ. ಹತ್ತಿರ ಲೇಔಟ್ ಆಗಿದೆ ಅಂತ ಸೈಟಿನ ರೇಟು ಹಾಕಬೇಡಿ. ಇನ್ನೂ ಅದು ಕೃಷಿ ಜಮೀನೇ.

ವರದಿ ಕನ್ನಡದಲ್ಲಿರಲಿ. ಮೊದಲ ಪುಟದಲ್ಲಿ ಮೊತ್ತಗಳು, ಆಮೇಲೆ ಲೆಕ್ಕ. ಒಂದೊಂದು ಆಸ್ತಿಗೂ ಕನಿಷ್ಠ 3 ನೋಂದಾಯಿತ ಮಾರಾಟ ಹೋಲಿಸಿ: ತಾರೀಕು, ಅಳತೆ, ದರ, ನಮ್ಮದಕ್ಕೆ ಏಕೆ ಕೂಡಿಸಿದಿರಿ ಅಥವಾ ಕಳೆದಿರಿ. ಹಿಂದೆ ಒಬ್ಬರು ಕೊಟ್ಟ ವರದಿಯಲ್ಲಿ ‘ಸ್ಥಳೀಯವಾಗಿ ವಿಚಾರಿಸಲಾಗಿದೆ’ ಅಂತ ಒಂದೇ ಸಾಲಿತ್ತು. ತಂಗಿ ಒಪ್ಪಲಿಲ್ಲ, ಅವಳದೇನೂ ತಪ್ಪಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಪಕ್ಕದಲ್ಲಿರಲಿ, ಆದರೆ ಬೆಲೆಯನ್ನು ಅದಕ್ಕೆ ಹೊಂದಿಸಬೇಡಿ. ಬ್ಯಾಂಕ್ ವರದಿಗಳಲ್ಲಿ ಬರುವ ‘ಡಿಸ್ಟ್ರೆಸ್ ವ್ಯಾಲ್ಯೂ’ ಬೇಡವೇ ಬೇಡ. ಆ ಕಡಿಮೆ ಅಂಕಿ ಕಣ್ಣಿಗೆ ಬಿದ್ದರೆ ಜಗಳ ಶುರು.

ಖಾತಾ, ಪಹಣಿ, ಇಸಿ, ಕಂದಾಯ ರಸೀದಿಯ ನಕಲು ನಾನು ಕೊಡುತ್ತೇನೆ. ಹಕ್ಕು ಯಾರದು ಅನ್ನುವುದನ್ನು ವಕೀಲರು ನೋಡುತ್ತಾರೆ.

ಕರಡು 29 ನವೆಂಬರ್‌ಗೆ, ಮೂವರಿಗೂ ಒಂದೇ ಸಲ ಕಳಿಸಿ. ಅಳತೆ, ದಾಖಲೆಯ ತಪ್ಪಿದ್ದರೆ 7 ದಿನದಲ್ಲಿ ಬರೆದು ತಿಳಿಸುತ್ತೇವೆ. ದರ ಏರಿಸಿ ಇಳಿಸಿ ಅಂತ ಯಾರೇ ಫೋನ್ ಮಾಡಿದರೂ, ನಾನೇ ಮಾಡಿದರೂ, ಉಳಿದಿಬ್ಬರಿಗೆ ತಿಳಿಸಿ. ಸಹಿ, ಸೀಲು, ಫೋಟೋ ಸಹಿತ 3 ಪ್ರತಿ ಬೇಕು.

ಫೀಸು ಒಟ್ಟು 18,000 ರೂಪಾಯಿ. ಬೆಲೆ ಎಷ್ಟೇ ಬರಲಿ ಇಷ್ಟೇ. ಅರ್ಧ ಸ್ಥಳ ನೋಡುವ ದಿನ, ಅರ್ಧ ವರದಿ ಕೈಗೆ ಬಂದಾಗ, ಮೂವರೂ ಸಮವಾಗಿ ಹಾಕುತ್ತೇವೆ.

ಒಪ್ಪಿಗೆ ಇದ್ದರೆ ಇದೇ ಪತ್ರದ ಕೆಳಗೆ ಸಹಿ ಹಾಕಿ ಕಳಿಸಿ.

ಇಂತಿ,
ಮನೆಯ ಹಿರಿಮಗಳು (ತಮ್ಮ, ತಂಗಿ ಓದಿ ಒಪ್ಪಿದ್ದಾರೆ)