ಜ್ವರ ಬಂದಾಗ ಮನೆಯಲ್ಲಿ ಆರೈಕೆ (ಮಗುವಿನ ವಯಸ್ಸು 1 ವರ್ಷ, ತೂಕ 10 ಕೆಜಿ)

ಗಾಬರಿ ಬೇಡ. ಥರ್ಮಾಮೀಟರ್ 102 ತೋರಿಸಿದರೂ ಮಗು ಆಡಿಕೊಂಡು ಹಾಲು ಕುಡಿಯುತ್ತಿದ್ದರೆ ಔಷಧಿಗೆ ಆತುರವಿಲ್ಲ. ಮೈಕೈ ನೋವಿಗೆ ರಚ್ಚೆ ಹಿಡಿದರೆ ಪ್ಯಾರಸಿಟಮಾಲ್ ಕೊಡಿ.

ಪ್ರತಿ ಕೆಜಿಗೆ 15 ಮಿ.ಗ್ರಾಂ ಲೆಕ್ಕದಲ್ಲಿ ನಿಮ್ಮ ಮಗುವಿಗೆ ಒಂದು ಸಲಕ್ಕೆ 150 ಮಿ.ಗ್ರಾಂ. ಬಾಟಲಿಯ ಮೇಲೆ 5 ಮಿ.ಲೀ.ಗೆ 250 ಮಿ.ಗ್ರಾಂ ಎಂದಿದ್ದರೆ 3 ಮಿ.ಲೀ., 125 ಎಂದಿದ್ದರೆ 6 ಮಿ.ಲೀ. ಲೇಬಲ್ ಓದದಿದ್ದರೆ ಡೋಸ್ ದುಪ್ಪಟ್ಟಾದೀತು! ಅಡುಗೆಮನೆ ಚಮಚ ಬೇಡ, ಸಿರಿಂಜಿನಲ್ಲೇ ಅಳೆಯಿರಿ. 6 ಗಂಟೆ ಅಂತರವಿರಲಿ, 24 ಗಂಟೆಯಲ್ಲಿ 4 ಸಲ ಮೀರಬಾರದು. ಆಸ್ಪಿರಿನ್ ಕೊಡಲೇಬೇಡಿ.

ಕಂಬಳಿ ಹೊದಿಸಬೇಡಿ, ಅಜ್ಜಿ ಹೇಳಿದರೂ ಸರಿ. ಗಂಜಿ, ಎಳನೀರು, ಎದೆಹಾಲು ಆಗಾಗ ಕೊಡಿ.

ಫಿಟ್ಸ್, ಏದುಸಿರು, ಎಬ್ಬಿಸಿದರೂ ಏಳದ ಮಂಪರು, ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆ, ಕುಡಿದದ್ದೆಲ್ಲ ವಾಂತಿ, 8 ಗಂಟೆ ಮೂತ್ರವಿಲ್ಲ: ಇವುಗಳಲ್ಲಿ ಒಂದಿದ್ದರೂ ತಕ್ಷಣ ಆಸ್ಪತ್ರೆಗೆ ಬನ್ನಿ. ಆಂಬ್ಯುಲೆನ್ಸ್‌ಗೆ 108. ಜ್ವರ 3 ದಿನ ದಾಟಿದರೂ ತೋರಿಸಿ.