ಜಿಮ್ ಪರಿಚಯ ಮತ್ತು ಎಂಟು ವಾರಗಳ ತರಬೇತಿ ಕ್ರಮ

ಸರ್, ಈ ಬರಹವನ್ನು ನಿಮ್ಮ ಫೋನ್ ಓದಿ ಹೇಳಲು ಅನುಕೂಲವಾಗಲೆಂದು ಕೋಷ್ಟಕ, ಚಿತ್ರಗಳಿಲ್ಲದೆ ಬರೆದಿದ್ದೇನೆ. ಇದರ ಪ್ರತಿಯನ್ನು ಜಿಮ್‌ನ ಇಬ್ಬರು ಸಹಾಯಕರಿಗೂ ಕೊಟ್ಟಿದ್ದೇನೆ.

ಬೆಳಕು ಮತ್ತು ನೆರಳು ಮಾತ್ರ ತಿಳಿಯುತ್ತದೆ ಎಂದು ನೀವು ಹೇಳಿದ್ದೀರಿ. ಆರಂಭಿಸುವ ಮೊದಲು ಭಾರ ಎತ್ತಲು ಅಡ್ಡಿಯಿಲ್ಲವೆಂದು ನಿಮ್ಮ ನೇತ್ರ ವೈದ್ಯರಿಂದ ಬರೆಸಿಕೊಂಡು ಬನ್ನಿ. ಉಸಿರು ಬಿಗಿಹಿಡಿದು ತಿಣುಕಿದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಗ್ಲಾಕೋಮಾ ಅಥವಾ ರೆಟಿನಾದ ತೊಂದರೆ ಇರುವವರಿಗೆ ಅದು ಅಪಾಯ. ಪತ್ರ ಬಂದ ಮೇಲೂ ಈ ಎಂಟು ವಾರ ಭಾರ ಎತ್ತುವಾಗ ಉಸಿರು ಬಿಡುವುದು, ಇಳಿಸುವಾಗ ಎಳೆದುಕೊಳ್ಳುವುದು ಎಂಬುದೇ ನಿಯಮ.

ಕಲಬುರಗಿಯ ಬಿಸಿಲಿನ ಕಾರಣ ಸೋಮವಾರ, ಬುಧವಾರ ಮತ್ತು ಶುಕ್ರವಾರ ಬೆಳಿಗ್ಗೆ 6 ಗಂಟೆಗೆ ಭೇಟಿಯಾಗೋಣ. ಆಗ ಜನ ಕಡಿಮೆ. ಹಾಡನ್ನೂ ನಿಲ್ಲಿಸಿರುತ್ತೇವೆ, ಏಕೆಂದರೆ ನಿಮ್ಮ ಕಿವಿಗೆ ನನ್ನ ಮಾತು ತಡೆಯಿಲ್ಲದೆ ತಲುಪಬೇಕು. ಬಾಗಿಲಲ್ಲಿ ನಿಂತು ಗಡಿಯಾರ ನೆನೆಯಿರಿ: ನೇರ 12ಕ್ಕೆ ಬಾರ್ ಇಡುವ ಕಬ್ಬಿಣದ ಚೌಕಟ್ಟಾದ ಪವರ್ ರ‍್ಯಾಕ್, 9ಕ್ಕೆ ಎಡಗೋಡೆಯುದ್ದಕ್ಕೂ ಯಂತ್ರಗಳು, 3ಕ್ಕೆ ಡಂಬೆಲ್ ಸ್ಟ್ಯಾಂಡ್. ನಡುವಿನ ದಾರಿ ನುಣುಪು ಟೈಲ್ಸ್. ಕಾಲಿಗೆ ರಬ್ಬರ್ ತಗುಲಿದರೆ ಭಾರ ಎತ್ತುವ ಜಾಗಕ್ಕೆ ಬಂದಿರೆಂದು ಅರ್ಥ. ಎಡಗೋಡೆಯ ಕಿಟಕಿಯಲ್ಲಿ ಕೂಲರ್ ಇದೆ. ಅದರ ಸದ್ದು ಎಡಕ್ಕೆ ಕೇಳಿದರೆ ನೀವು ರ‍್ಯಾಕ್ ಕಡೆಗೆ, ಬಲಕ್ಕೆ ಕೇಳಿದರೆ ಬಾಗಿಲ ಕಡೆಗೆ ಮುಖ ಮಾಡಿದ್ದೀರಿ. ನಡುದಾರಿಯಲ್ಲಿ ಡಂಬೆಲ್, ಪ್ಲೇಟ್, ನೀರಿನ ಬಾಟಲಿ ಯಾವುದೂ ಇರದಂತೆ ನೋಡಿಕೊಳ್ಳುವುದು ನಮ್ಮ ಹೊಣೆ, ನಿಮ್ಮದಲ್ಲ. ಯಾವುದೇ ವಸ್ತುವಿನ ಜಾಗ ಬದಲಾದರೆ ಒಳಗೆ ಬರುವ ಮೊದಲೇ ನಿಮಗೆ ತಿಳಿಸುತ್ತೇವೆ.

ಪ್ರತಿ ಯಂತ್ರವನ್ನೂ ಮೊದಲು ಭಾರವಿಲ್ಲದೆ ಕೈಯಿಂದ ತಡವಿ ಅರಿಯಿರಿ: ಸೀಟು, ಹಿಡಿ, ಚಲಿಸುವ ಭಾಗ, ಬೆರಳು ಸಿಕ್ಕಿಕೊಳ್ಳಬಹುದಾದ ಜಾಗ. ಭಾರದ ಫಲಕಗಳು ತಲಾ 5 ಕಿಲೋ. ಮೇಲಿನಿಂದ ರಂಧ್ರ ಎಣಿಸಿದರೆ ನಾಲ್ಕನೆಯದು 20 ಕಿಲೋ. ಭಾರ ಆರಿಸುವ ಪಿನ್ ಅನ್ನು ರಂಧ್ರದೊಳಗೆ ಪೂರ್ತಿ ತಳ್ಳಿ, ಒಮ್ಮೆ ಎಳೆದು ಪರೀಕ್ಷಿಸಿ. ನಿಮ್ಮ ಸೀಟಿನ ಎತ್ತರ ಗುರುತಿಸಲು ಸೀಟಿನ ಕಂಬದಲ್ಲಿ ಆ ಎತ್ತರದ ರಂಧ್ರದ ಪಕ್ಕ ಉಬ್ಬಿದ ಸ್ಟಿಕರ್ ಅಂಟಿಸಿದ್ದೇನೆ. ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್‌ನಲ್ಲಿ ಒತ್ತುವುದಕ್ಕಿಂತ ಮೊದಲು ಭಾರ ನಿಲ್ಲಿಸುವ ತಡೆಗೋಲು ಹಾಕಲು ಕಲಿಯುತ್ತೀರಿ. ಕಣ್ಣಿದ್ದವರೂ ಗಡಿಬಿಡಿಯಲ್ಲಿ ಅದನ್ನು ತಡಕಾಡುವುದನ್ನು ಕಂಡಿದ್ದೇನೆ. ಕರೆಂಟ್ ಹೋದರೆ ಟ್ರೆಡ್‌ಮಿಲ್ ಥಟ್ಟನೆ ನಿಲ್ಲಬಹುದು. ಆದ್ದರಿಂದ ಮೈ ಬಿಸಿಮಾಡಲು ನಿಂತಲ್ಲೇ ಇರುವ ಸೈಕಲ್ ಸಾಕು.

ಸೂಚನೆ ಕೊಡುವವರು ಒಂದು ಸಲಕ್ಕೆ ಒಬ್ಬರೇ. ಎಡ, ಬಲ ಎಂದರೆ ನಿಮ್ಮ ಎಡ, ಬಲ. "ಹೀಗೆ", "ಅಲ್ಲಿ", "ಕನ್ನಡಿ ನೋಡಿ" ಎಂಬ ಮಾತು ಇಲ್ಲಿ ಸಲ್ಲದು. "ಬಲ ಮೊಣಕೈ ಎರಡು ಬೆರಳು ಕೆಳಗೆ" ಎಂಬಂಥದ್ದು ಬೇಕು. "ನಿಲ್ಲಿ" ಎಂಬ ಪದವನ್ನು ಅಪಾಯಕ್ಕೆ ಮಾತ್ರ ಮೀಸಲಿಟ್ಟಿದ್ದೇವೆ. ಅದನ್ನು ನೀವೂ ಹೇಳಬಹುದು. ಹೇಳಿದ ಕ್ಷಣವೇ ನಾವು ಭಾರ ಹಿಡಿಯುತ್ತೇವೆ. ಕೇಳದೆ ಯಾರೂ ನಿಮ್ಮನ್ನು ಮುಟ್ಟುವುದಿಲ್ಲ, ತೋಳು ಹಿಡಿದು ಎಳೆಯುವುದಿಲ್ಲ. ನಡೆಯುವಾಗ ನೀವೇ ನಮ್ಮ ಮೊಣಕೈ ಹಿಡಿಯಿರಿ.

ಮೊದಲ ಎರಡು ವಾರ ಲೆಗ್ ಪ್ರೆಸ್, ಕೈಗಳಿಂದ ಮುಂದಕ್ಕೆ ತಳ್ಳುವ ಚೆಸ್ಟ್ ಪ್ರೆಸ್, ಕುಳಿತು ಹೊಟ್ಟೆಯತ್ತ ಎಳೆಯುವ ಸೀಟೆಡ್ ರೋ, ಮೇಲಿನಿಂದ ಕೆಳಗೆ ಎಳೆಯುವ ಲ್ಯಾಟ್ ಪುಲ್‌ಡೌನ್ ಮಾತ್ರ: ತಲಾ ಎರಡು ಸೆಟ್, ಹತ್ತು ಸಲ, ಇನ್ನೂ ಮೂರು ಸಲ ಆಗುತ್ತಿತ್ತು ಎನಿಸುವಷ್ಟು ಭಾರ. ಮೂರನೇ ವಾರ ಡಂಬೆಲ್ ಎದೆಗವಚಿ ಬೆಂಚಿನ ಮೇಲೆ ಕುಳಿತೇಳುವ ಸ್ಕ್ವಾಟ್ ಸೇರುತ್ತದೆ. ಆಳ ಎಷ್ಟೆಂದು ಬೆಂಚೇ ಹೇಳುತ್ತದೆ. ಗೋಡೆಗೆ ಬೆನ್ನು ಮಾಡಿ, ಅದರಿಂದ ಒಂದು ಗೇಣು ಮುಂದೆ ನಿಂತು, ಬೆನ್ನು ಬಾಗಿಸದೆ ಸೊಂಟ ಹಿಂದೆ ಸರಿಸಿ ಗೋಡೆ ಮುಟ್ಟಿಸುವ ಅಭ್ಯಾಸವೂ ಆಗಲೇ.

ಐದನೇ ವಾರ ಬಾರ್. ಮಲಗಿ ಬಾರ್ ಮೇಲಕ್ಕೆ ಒತ್ತುವ ಬೆಂಚ್ ಪ್ರೆಸ್‌ಗಿಂತ ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್ ಅನ್ನು ನಾನು ಬೇಕೆಂದೇ ಮೊದಲಿಟ್ಟಿದ್ದೇನೆ. ಅಲ್ಲಿ ಬಾರ್ ಮೈಮೇಲೆ ಬೀಳದು, ಮೊಣಕಾಲ ಕೆಳಗೆ ಕಾಲಿಗೆ ಸವರುತ್ತಲೇ ಏರುವುದರಿಂದ ಅದರ ದಾರಿ ನಿಮಗೇ ತಿಳಿಯುತ್ತದೆ. ಬರಿಯ ಬಾರ್ 20 ಕಿಲೋ. ನಡುವಿನ ಭಾಗ, ಒರಟು ಭಾಗ, ಅದರಲ್ಲಿನ ನುಣುಪು ಉಂಗುರಗಳನ್ನು ಬೆರಳಿನಿಂದ ಗುರುತಿಸಿ ಎರಡೂ ಕೈಗಳನ್ನು ಸಮದೂರದಲ್ಲಿಡಿ. ಏಳನೇ ವಾರ ರ‍್ಯಾಕ್ ಒಳಗೆ ಬೆಂಚ್ ಪ್ರೆಸ್: ಬಾರ್ ತಡೆಯುವ ಅಡ್ಡಕಂಬಿಗಳು ಉಬ್ಬಿಸಿದ ಎದೆಗಿಂತ ತುಸು ಕೆಳಗೆ, ಕುತ್ತಿಗೆಗಿಂತ ಮೇಲೆ. ಬರಿಯ ಬಾರ್ ಇಳಿಸಿ ಅದನ್ನು ಪರೀಕ್ಷಿಸಿದ ಮೇಲಷ್ಟೇ ಪ್ಲೇಟ್. ಪ್ಲೇಟ್ ಹಾಕುವುದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಎರಡೂ ತುದಿಯಲ್ಲಿ ಪ್ಲೇಟ್ ಜಾರದಂತೆ ಹಿಡಿಯುವ ಕಾಲರ್‌ಗಳನ್ನು ನೀವೇ ಮುಟ್ಟಿ ನೋಡಿದ ನಂತರ ಮಲಗಿ. ನಾನು "ನಿಮ್ಮದು" ಎಂದರೆ ಕೈ ಬಿಟ್ಟೆನೆಂದು, "ಹಿಡಿದೆ" ಎಂದರೆ ಭಾರ ನನ್ನ ಕೈಯಲ್ಲೂ ಇದೆಯೆಂದು ಅರ್ಥ.

ಸ್ಪರ್ಧೆಯ ಬಗ್ಗೆ ಕೇಳಿದ್ದಿರಿ. ಪ್ಯಾರಾಲಿಂಪಿಕ್ಸ್‌ನ ಪವರ್‌ಲಿಫ್ಟಿಂಗ್ ದೈಹಿಕ ನ್ಯೂನತೆ ಇರುವವರಿಗೆ ಮಾತ್ರ. ದೃಷ್ಟಿದೋಷ ಇರುವವರ ಪವರ್‌ಲಿಫ್ಟಿಂಗ್ ಅಂತರರಾಷ್ಟ್ರೀಯ ಅಂಧರ ಕ್ರೀಡಾ ಒಕ್ಕೂಟವಾದ ಐಬಿಎಸ್‌ಎ ಅಡಿಯಲ್ಲಿದೆ. ಎಂಟನೇ ವಾರದ ಶುಕ್ರವಾರ ಆ ಮಾತನ್ನು ಕೂತು ಆಡೋಣ. ಪ್ರತಿದಿನ ಎತ್ತಿದ ಭಾರವನ್ನು ಫೋನ್‌ನಲ್ಲಿ ನಿಮ್ಮ ದನಿಯಲ್ಲೇ ದಾಖಲಿಸಿಡಿ. ಮೊದಲ ಸೋಮವಾರ 5:45ಕ್ಕೆ ಬನ್ನಿ. ಆ ದಿನ ಭಾರವಿಲ್ಲ. ಬಾಗಿಲಿನಿಂದ ರ‍್ಯಾಕ್‌ವರೆಗೆ ನಿಮ್ಮ ಕೋಲಿನೊಂದಿಗೆ ಮೂರು ಸಲ ನಡೆದು, ಪ್ರತಿ ಯಂತ್ರವನ್ನೂ ಮುಟ್ಟಿ ಮುಗಿಸೋಣ.